ಲೆಕ್ಕಕ್ಕೆ ಕೂರುವ ಮೊದಲು ಕಾಲಂಗಳನ್ನು ಓದಿ

ವಾರ್ಷಿಕ ಮಹಾಸಭೆ ಹತ್ತಿರ ಬಂತೆಂದರೆ ನಮ್ಮ ಮುಂಬಯಿಯ ಸಂಘ-ಸಂಸ್ಥೆಗಳಲ್ಲಿ, ಅದರಲ್ಲೂ ಕ್ರೆಡಿಟ್ ಸೊಸೈಟಿಗಳಲ್ಲಿ, ಈಗೀಗ ಒಂದು ಮಾತು ತಪ್ಪದೆ ಕೇಳಿಬರುತ್ತದೆ. "ನಮ್ಮಲ್ಲಿ ಕಂಪ್ಯೂಟರ್ ಬಲ್ಲವರು ಇದ್ದಾರಲ್ಲ, ಅವರಿಗೆ ಸದಸ್ಯರ ಫೈಲ್ ಕಳಿಸೋಣ. ಎಲ್ಲಿ ಕಡಿಮೆಯಾಗಿದೆ, ಯಾಕೆ ಕಡಿಮೆಯಾಗಿದೆ ಎಂದು ನೋಡಿ ಹೇಳಲಿ." ಮಾತು ಮುಗಿಯುವುದರೊಳಗೆ ಫೈಲ್ ಕಳಿಸಿಯೂ ಆಗಿರುತ್ತದೆ. ಅದರಲ್ಲಿ ಏನೇನಿದೆ ಎಂದು ಕಳಿಸಿದವರೂ ನೋಡಿರುವುದಿಲ್ಲ, ಪಡೆದವರೂ ನೋಡುವುದಿಲ್ಲ.

ಖಾಸಗಿ ಕಂಪನಿಗಳಲ್ಲಿ ಗ್ರಾಹಕರ ಅಂಕಿ-ಅಂಶಗಳನ್ನು ವಿಶ್ಲೇಷಿಸುವ ಕೆಲಸದಲ್ಲೇ ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದೇನೆ. ಹಾಗಾಗಿ ಇಂಥ ಫೈಲ್‌ಗಳು ನನ್ನ ಬಳಿಗೂ ಬರುತ್ತವೆ. ಈ ವಿಷಯದಲ್ಲಿ ಉಪದೇಶ ಮಾಡುವ ಮೊದಲು ನನ್ನದೇ ತಪ್ಪೊಂದನ್ನು ಹೇಳಿಬಿಡುವುದು ನ್ಯಾಯ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮವರೇ ನಡೆಸುವ ಒಂದು ಸೊಸೈಟಿಯ ಆಡಳಿತ ಮಂಡಳಿಯ ಸಭೆ. ಪಿಗ್ಮಿ ಸಂಗ್ರಹ ಯಾಕೆ ಇಳಿದಿದೆ ಎಂದು ವಿವರಿಸಲು ನಾನು ಲ್ಯಾಪ್‌ಟಾಪ್ ಒಯ್ದಿದ್ದೆ. ಗೋಡೆಯ ಮೇಲೆ ಪ್ರೊಜೆಕ್ಟರ್ ಬೆಳಕು ಬಿದ್ದಾಗ ನನ್ನ ಚಿತ್ರಪಟ್ಟಿಯ ಬದಲು ಮೂಲ ಫೈಲ್ ತೆರೆದುಕೊಂಡಿತು. ನಾನು ಅದನ್ನು ಸರಿಸಿದ್ದು ಹತ್ತು-ಹನ್ನೆರಡು ಸೆಕೆಂಡಿನೊಳಗೆ. ಅಷ್ಟರಲ್ಲಿ ಕೊನೆಯ ಕಾಲಂನಲ್ಲಿದ್ದ ಸಾಲೊಂದನ್ನು ಹಲವರು ಓದಿಯಾಗಿತ್ತು. ಒಬ್ಬ ಅಕ್ಕನ ಹೆಸರಿನ ಮುಂದೆ "ಗಂಡನಿಗೆ ಕಿಡ್ನಿ ತೊಂದರೆ, ಡಯಾಲಿಸಿಸ್, ಸದ್ಯ ಕಟ್ಟಲಾರರು" ಎಂದು ಬರೆದಿತ್ತು. ಆ ಮನೆಯಲ್ಲಿ ಮಗಳಿಗೆ ಸಂಬಂಧ ನೋಡುತ್ತಿದ್ದ ಸಮಯವದು. ವಿಷಯವನ್ನು ಅವರು ಯಾರಿಗೂ ಹೇಳಿರಲಿಲ್ಲ, ಪಿಗ್ಮಿ ಸಂಗ್ರಹಿಸುವ ಹುಡುಗನಿಗೆ ಮಾತ್ರ ಹೇಳಿದ್ದರು. ಮುಂದಿನ ವಾರ ಅವರು ಬಂದು ಖಾತೆ ಮುಚ್ಚಿಸಿ ಹೋದರು. ಜಗಳವಾಡಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಕಾರಣ ನನಗೆ ಗೊತ್ತಿತ್ತು.

ಪಿಗ್ಮಿ ಎಂಬುದು ನಮ್ಮ ಕರಾವಳಿಯದೇ ಕೊಡುಗೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಈ ಯೋಜನೆ ಆರಂಭಿಸಿದಾಗ ಮನೆಬಾಗಿಲಿಗೆ ಬಂದು ದಿನದ ಪುಡಿಗಾಸನ್ನು ಒಯ್ಯುವ ಏಜೆಂಟನೇ ಅದರ ಜೀವಾಳವಾಗಿದ್ದ. ಆತ ಹಣದ ಜೊತೆಗೆ ಮನೆಯ ಸುಖದುಃಖವನ್ನೂ ಕೇಳಿಕೊಂಡು ಹೋಗುತ್ತಿದ್ದ. ಹಿಂದೆ ಆ ಮಾತು ಅವನ ನೆನಪಿನಲ್ಲೋ ಕಿಸೆಯ ಪುಸ್ತಕದ ಅಂಚಿನಲ್ಲೋ ಉಳಿಯುತ್ತಿತ್ತು. ಈಗ ಅದು ಕಂಪ್ಯೂಟರಿನ `Remarks` ಎಂಬ ಕಾಲಂಗೆ ಸೇರುತ್ತದೆ. ಅಲ್ಲಿಂದ ಫೈಲ್ ಹೋದಲ್ಲೆಲ್ಲ ಹೋಗುತ್ತದೆ. ಬದಲಾಗಿರುವುದು ಇಷ್ಟೇ, ಆದರೆ ಇದು ಸಣ್ಣ ಬದಲಾವಣೆಯಲ್ಲ.

ಈ ವರ್ಷ ಇನ್ನೊಂದು ಸೊಸೈಟಿಯ ಕಾರ್ಯದರ್ಶಿಯವರು ಅದೇ ಪ್ರಶ್ನೆಯೊಂದಿಗೆ ಫೈಲ್ ಕಳಿಸಿದರು. ಪಿಗ್ಮಿ ಖಾತೆಗಳು ವರ್ಷ ತುಂಬುವ ಮೊದಲೇ ಯಾಕೆ ನಿಲ್ಲುತ್ತಿವೆ? ಈ ಬಾರಿ ನಾನು ಲೆಕ್ಕಕ್ಕೆ ಕೈಹಾಕಲಿಲ್ಲ. ಎಲ್ಲಿಗೂ ಅಪ್‌ಲೋಡ್ ಮಾಡಲಿಲ್ಲ, ಯಾರಿಗೂ ಮುಂದೆ ಕಳಿಸಲಿಲ್ಲ. ಮೊದಲು ಕಾಲಂಗಳನ್ನು ಒಂದೊಂದಾಗಿ ಓದಿದೆ. ಆ ಓದು ಹೇಗೆ ನಡೆಯಿತು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದಕ್ಕೆ ಕಂಪ್ಯೂಟರ್ ಪಾಂಡಿತ್ಯವೇನೂ ಬೇಕಿಲ್ಲ.

ಸುಮಾರು ಮೂರು ಸಾವಿರ ಖಾತೆಗಳ ಫೈಲ್, ಒಟ್ಟು 19 ಕಾಲಂ. ಹೆಸರು, ಮೊಬೈಲ್, ವಿಳಾಸ, ಪ್ಯಾನ್ ಇವು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಕಣ್ಣಿಗೆ ಬೀಳದವೇ ಹೆಚ್ಚು ಅಪಾಯಕಾರಿ. ನಡುವೆ `Ref_No` ಎಂಬ ತಲೆಬರಹದ ಒಂದು ಕಾಲಂ ಇತ್ತು. ಅದರಡಿ `4.32165E+11` ಎಂಬಂಥ ವಿಚಿತ್ರ ಅಂಕಿಗಳು ಸಾಲಾಗಿದ್ದವು. ಯಾರೇ ನೋಡಿದರೂ ಏನೋ ರೆಫರೆನ್ಸ್ ಸಂಖ್ಯೆ ಎಂದು ಮುಂದೆ ಹೋಗುತ್ತಾರೆ. ಆದರೆ ಎಕ್ಸೆಲ್‌ನ ಸ್ವಭಾವವೇನೆಂದರೆ, ಸಾಮಾನ್ಯ ರೂಪದಲ್ಲಿ ತುಂಬಿದ ಸಂಖ್ಯೆ 11 ಅಂಕಿ ದಾಟಿದರೆ ಅದನ್ನು ಹೀಗೆ ಕುಗ್ಗಿಸಿ ತೋರಿಸುತ್ತದೆ. ಹತ್ತು ಅಂಕಿಯ ಮೊಬೈಲ್ ಸಂಖ್ಯೆ ಪೂರ್ತಿ ಕಾಣುತ್ತದೆ, ಹನ್ನೆರಡು ಅಂಕಿಯ ಸಂಖ್ಯೆ ಕಾಣುವುದಿಲ್ಲ. ಪಕ್ಕದ ಖಾಲಿ ಜಾಗದಲ್ಲಿ ನಾನು ಈ ಪುಟ್ಟ ಸೂತ್ರ ಹಾಕಿ ನೋಡಿದೆ.

```
=LEN(J2)
```

ಉತ್ತರ 12 ಎಂದು ಬಂತು, ಕೆಳಗಿನ ಸಾಲುಗಳಿಗೂ ಅದೇ. ಸೊಸೈಟಿಯ ಸದಸ್ಯರ ಫೈಲ್‌ನಲ್ಲಿ ಪ್ರತಿಯೊಬ್ಬರಿಗೂ ಹನ್ನೆರಡು ಅಂಕಿಯ ಸಂಖ್ಯೆ ಇದ್ದರೆ ಅದು ಆಧಾರ್ ಎಂದೇ ಮೊದಲು ಊಹಿಸಬೇಕು. ಆಧಾರ್ ಸಂಖ್ಯೆ 0 ಅಥವಾ 1ರಿಂದ ಆರಂಭವಾಗುವುದಿಲ್ಲ ಎಂಬುದು ಇನ್ನೊಂದು ಗುರುತು. ಕಾರ್ಯದರ್ಶಿಯವರಿಗೆ ಫೋನ್ ಮಾಡಿ ಕೇಳಿದೆ. "ಹೌದಲ್ಲಾ! ಕೆವೈಸಿ ಮಾಡುವಾಗ ಹಿಂದಿನ ಕ್ಲರ್ಕ್ ಅಲ್ಲಿ ತುಂಬಿಸಿದ್ದು" ಎಂದರು. ಫೈಲ್ ಕಳಿಸಿದ ಅವರಿಗೇ ಅದು ಅಲ್ಲಿರುವುದು ಗೊತ್ತಿರಲಿಲ್ಲ.

ಇದರಿಂದ ಕಲಿಯಬೇಕಾದ ಪಾಠ ಸರಳ. ಕಾಲಂನ ಹೆಸರನ್ನು ನಂಬಬಾರದು, ಅದರೊಳಗಿನ ನಾಲ್ಕೈದು ಸಾಲು ಓದಬೇಕು. ಐದು ಅಕ್ಷರ, ನಾಲ್ಕು ಅಂಕಿ, ಕೊನೆಗೊಂದು ಅಕ್ಷರ ಎಂದಿದ್ದರೆ ಮೇಲೆ ಏನೇ ಬರೆದಿರಲಿ ಅದು ಪ್ಯಾನ್. ಹಾಗೆಯೇ ಮೇಲಿನ ಅಕ್ಷರಗಳ ಸಾಲನ್ನೂ ಗಮನಿಸಬೇಕು. F ಆದ ಮೇಲೆ G ಬಾರದೆ ನೇರ H ಬಂದಿದ್ದರೆ ನಡುವಿನ ಕಾಲಂ ಅಡಗಿಸಲ್ಪಟ್ಟಿದೆ ಎಂದರ್ಥ. ಅಡಗಿಸಿದ ಕಾಲಂ ಅಳಿಸಿದ ಕಾಲಂ ಅಲ್ಲ. ಅದನ್ನು ಪಡೆದ ಯಾರು ಬೇಕಾದರೂ ಎರಡು ಕ್ಲಿಕ್‌ನಲ್ಲಿ ಹೊರಗೆಳೆಯಬಹುದು.

ಓದಿ ಮುಗಿದ ಮೇಲೆ ಪ್ರತಿ ಕಾಲಂಗೂ ಒಂದೇ ಪ್ರಶ್ನೆ ಕೇಳಬೇಕು: ನಮ್ಮ ಪ್ರಶ್ನೆಗೆ ಉತ್ತರ ಹುಡುಕಲು ಇದು ಬೇಕೇ? ಖಾತೆ ಯಾಕೆ ನಿಲ್ಲುತ್ತಿದೆ ಎಂದು ತಿಳಿಯಲು ಹೆಸರು ಬೇಕಿಲ್ಲ. ಮೊಬೈಲ್, ವಿಳಾಸ, ಪಿನ್‌ಕೋಡ್, ಪ್ಯಾನ್, ಆಧಾರ್ ಬೇಕಿಲ್ಲ. ನಾಮಿನಿಯ ಹೆಸರು, ಅವರ ಸಂಬಂಧ, ಸ್ತ್ರೀ-ಪುರುಷ ಎಂಬ ವಿವರ, ಏಜೆಂಟರ ಹೆಸರು, ಖಾತೆಯಲ್ಲಿರುವ ಬಾಕಿ ಹಣ ಇವೂ ಬೇಕಿಲ್ಲ. ಹೀಗೆ 11 ಕಾಲಂಗಳು ಹೊರಬಿದ್ದವು.

ಉಳಿದ ಎಂಟರಲ್ಲಿ ಕೆಲವು ಬೇಕು, ಆದರೆ ಇದ್ದ ಹಾಗೆಯೇ ಬೇಕಿಲ್ಲ. ಜನ್ಮದಿನಾಂಕದ ಬದಲು 30ರಿಂದ 45, 45ರಿಂದ 60 ಎಂಬಂತೆ ವಯಸ್ಸಿನ ಗುಂಪು ಸಾಕು. ಖಾತೆ ತೆರೆದ ದಿನ ಮತ್ತು ಕೊನೆಯ ಕಂತಿನ ದಿನದ ಬದಲು ತಿಂಗಳು ಸಾಕು. ಸದಸ್ಯತ್ವ ಸಂಖ್ಯೆಯ ಜಾಗದಲ್ಲಿ 1, 2, 3 ಎಂದು ಹೊಸ ಕ್ರಮಸಂಖ್ಯೆ ಹಾಕಬೇಕು, ಏಕೆಂದರೆ ನಮ್ಮಲ್ಲಿ ಸದಸ್ಯತ್ವ ಸಂಖ್ಯೆ ರಹಸ್ಯವೇನಲ್ಲ, ಮತದಾರರ ಯಾದಿಯಲ್ಲಿ ಹೆಸರಿನೊಂದಿಗೇ ಅಚ್ಚಾಗಿರುತ್ತದೆ. ಯಾವ ಕ್ರಮಸಂಖ್ಯೆ ಯಾರದು ಎಂಬ ಪಟ್ಟಿ ಸೊಸೈಟಿಯ ಮ್ಯಾನೇಜರರ ಬಳಿ ಮಾತ್ರ ಉಳಿಯಬೇಕು, ನನಗೆ ಬರಬಾರದು. ಶಾಖೆ ಮತ್ತು ದಿನದ ಮೊತ್ತವನ್ನು ಮಾತ್ರ ಇದ್ದ ಹಾಗೇ ಇಟ್ಟುಕೊಂಡೆವು.

ಇಲ್ಲಿಗೆ ಕೆಲಸ ಮುಗಿಯಿತೆಂದು ಕಾರ್ಯದರ್ಶಿಯವರು ನಿಟ್ಟುಸಿರು ಬಿಟ್ಟರು. ಮುಗಿದಿರಲಿಲ್ಲ. ಉದ್ಯೋಗದ ಕಾಲಂ ಇನ್ನೂ ಹಾಗೇ ಇತ್ತು. ಹೊಟೇಲು ಕಾರ್ಮಿಕರ ಖಾತೆಗಳು ಬೇರೆಯವರಿಗಿಂತ ಬೇಗ ನಿಲ್ಲುತ್ತವೆಯೇ ಎಂದು ಮಂಡಳಿಗೆ ಅನುಮಾನವಿದ್ದುದರಿಂದ ಅದು ಬೇಕಿತ್ತು. ಆದರೆ ಒಂದು ಸಾಲಿನಲ್ಲಿ ಮುಲುಂಡ್ ಶಾಖೆ, ವಯಸ್ಸು 60ರ ಮೇಲೆ, ಉದ್ಯೋಗ ಹಪ್ಪಳ-ಸಂಡಿಗೆ ವ್ಯಾಪಾರ ಎಂದಿತ್ತು. ಅದನ್ನು ಓದಿ ತೋರಿಸಿದಾಗ ಕಾರ್ಯದರ್ಶಿಯವರು ಥಟ್ಟನೆ ಆ ತಾಯಿಯ ಹೆಸರು ಹೇಳಿಬಿಟ್ಟರು. ಹೆಸರು ಅಳಿಸಿದ ಫೈಲ್‌ನಿಂದಲೇ!

ಇದು ನಮ್ಮ ಸಣ್ಣ ಸಮಾಜದ ವೈಚಿತ್ರ್ಯ ಮಾತ್ರವಲ್ಲ. ಅಮೆರಿಕದಲ್ಲಿ ಲತಾನ್ಯಾ ಸ್ವೀನಿ ಎಂಬ ಕಂಪ್ಯೂಟರ್ ವಿಜ್ಞಾನಿ 1990ರ ಜನಗಣತಿಯ ಅಂಕಿ-ಅಂಶ ಬಳಸಿ 2000ದಲ್ಲಿ ಒಂದು ಅಂದಾಜು ಮಂಡಿಸಿದರು. ಜನ್ಮದಿನಾಂಕ, ಲಿಂಗ ಮತ್ತು ಐದು ಅಂಕಿಯ ಅಂಚೆ ಸಂಖ್ಯೆ ಈ ಮೂರು ಕೂಡಿದರೆ ಅಲ್ಲಿನ ನೂರಕ್ಕೆ 87 ಜನರನ್ನು ಪ್ರತ್ಯೇಕವಾಗಿ ಗುರುತಿಸುವುದು ಸಾಧ್ಯ ಎಂದು. ಮೂರರಲ್ಲಿ ಯಾವೊಂದೂ ಬಿಡಿಯಾಗಿ ಗುಟ್ಟಿನ ಸಂಗತಿಯಲ್ಲ, ಮೂರೂ ಕೂಡಿದಾಗ ಹೆಸರಿಗೆ ಸಮವಾಗುತ್ತದೆ. ಕೋಟಿಗಟ್ಟಲೆ ಜನರಿರುವ ದೇಶದಲ್ಲೇ ಹೀಗಾದರೆ, ಮದುವೆ-ಮುಂಜಿಗಳಲ್ಲಿ ಪರಸ್ಪರ ಭೇಟಿಯಾಗುವ ಮೂರು ಸಾವಿರ ಜನರ ನಡುವೆ ಇನ್ನೇನು ಉಳಿದೀತು?

ಆದ್ದರಿಂದ ಉದ್ಯೋಗವನ್ನು ಹೊಟೇಲು, ನೌಕರಿ, ಇತರ ಎಂದು ಮೂರೇ ವಿಭಾಗಕ್ಕೆ ಇಳಿಸಿದೆವು. ಅದಾದ ಮೇಲೂ ಶಾಖೆ, ವಯಸ್ಸು, ಉದ್ಯೋಗ ಮೂರನ್ನೂ ಕೂಡಿಸಿ ಎಣಿಸಿದಾಗ ಯಾವ ಗುಂಪಿನಲ್ಲಿ ಐದಕ್ಕಿಂತ ಕಡಿಮೆ ಜನರಿದ್ದಾರೋ ಅದನ್ನು ಪಕ್ಕದ ಗುಂಪಿಗೆ ಸೇರಿಸಿದೆವು. ಐದು ಎಂಬುದು ಮಂತ್ರಸಂಖ್ಯೆಯೇನಲ್ಲ, ಒಬ್ಬಿಬ್ಬರೇ ಎದ್ದು ಕಾಣದಂತೆ ನಾವು ಹಾಕಿಕೊಂಡ ಒಂದು ಗಡಿ. ಐವರಿಗೂ ಒಂದೇ ಕಾಯಿಲೆ ಎಂದಿದ್ದರೆ ಈ ಗಡಿಯೂ ಉಪಯೋಗಕ್ಕೆ ಬಾರದು ಎಂಬುದನ್ನು ನೆನಪಿಡಬೇಕು.

ಕೊನೆಗೆ ಉಳಿದದ್ದು `Remarks`. ನನ್ನ ಹಳೆಯ ತಪ್ಪಿನ ನೆನಪಿನಿಂದ ಅದನ್ನು ಮೊದಲೇ ಕಿತ್ತುಹಾಕಬೇಕೆಂದಿದ್ದೆ. ಆದರೆ ಯೋಚಿಸಿದಾಗ ಇಕ್ಕಟ್ಟು ಎದುರಾಯಿತು. ಖಾತೆ ಯಾಕೆ ನಿಂತಿತು ಎಂಬ ಪ್ರಶ್ನೆಗೆ ಉತ್ತರ ಇದ್ದುದೇ ಅಲ್ಲಿ! ಅತ್ಯಂತ ಸೂಕ್ಷ್ಮವಾದ ಕಾಲಮೇ ಅತ್ಯಂತ ಅಗತ್ಯವಾದ ಕಾಲಂ ಆಗಿತ್ತು. ಕಣ್ಣುಮುಚ್ಚಿ ಎಲ್ಲವನ್ನೂ ಅಳಿಸುವವನು ಜಾಗ್ರತೆಯ ಮನುಷ್ಯ ಎನಿಸಿಕೊಂಡಾನು, ಆದರೆ ಕೆಲಸ ಕೆಡಿಸಿರುತ್ತಾನೆ.

ನಾವು ಕಂಡುಕೊಂಡ ದಾರಿ ಹೀಗಿತ್ತು. ಆ ಮಾತುಗಳನ್ನು ಓದುವುದು ಮ್ಯಾನೇಜರರ ದಿನನಿತ್ಯದ ಕೆಲಸ, ಅವರಿಗೆ ಅದು ಹೊಸದಲ್ಲ. ಅವರೇ ಸೊಸೈಟಿಯ ಕಚೇರಿಯಲ್ಲಿ, ಸೊಸೈಟಿಯ ಕಂಪ್ಯೂಟರಿನಲ್ಲೇ ಕುಳಿತು ನಿಂತುಹೋದ ಪ್ರತಿ ಖಾತೆಯ ಟಿಪ್ಪಣಿ ಓದಿ, ಹೊಸ ಕಾಲಂನಲ್ಲಿ ಒಂದು ಅಂಕಿ ಬರೆದರು. 1 ಎಂದರೆ ಅನಾರೋಗ್ಯ, 2 ಕೆಲಸ ಹೋದದ್ದು, 3 ಊರಿಗೆ ಹೋದವರು, 4 ಬೇರೆ ಕಡೆ ಹಣ ಹೂಡಿದವರು, 5 ತಿಳಿದಿಲ್ಲ. ಎರಡು ಸಂಜೆಯ ಕೆಲಸ. ಯಾರಿಗೆ ಯಾವ ಕಾಯಿಲೆ, ಯಾರ ಮಗ ಕುಡಿಯುತ್ತಾನೆ, ಯಾರ ಮನೆಯಲ್ಲಿ ಜಗಳ ಎಂಬ ಮಾತುಗಳು ಕಚೇರಿಯ ಹೊಸ್ತಿಲು ದಾಟಲಿಲ್ಲ. ನನಗೆ ಬಂದದ್ದು ಎಂಟು ಕಾಲಂಗಳ ಹೊಸ ಫೈಲ್.

ಅದರಿಂದ ಉತ್ತರವೂ ದೊರೆಯಿತು. ನಿಂತ ಖಾತೆಗಳಲ್ಲಿ ದೊಡ್ಡ ಪಾಲು ಎಪ್ರಿಲ್-ಮೇ ತಿಂಗಳಲ್ಲಿ ಊರಿಗೆ ಹೋದವರದು. ಅವರು ಜೂನ್‌ನಲ್ಲಿ ಮರಳಿ ಬಂದರೂ ಏಜೆಂಟರ ಪಟ್ಟಿಯಿಂದ ಹೆಸರು ಹೊರಟುಹೋಗಿತ್ತು, ಯಾರೂ ಬಾಗಿಲಿಗೆ ಹೋಗಿರಲಿಲ್ಲ. ಎರಡನೆಯದು ಅನಾರೋಗ್ಯ. ಹೊಟೇಲಿನವರ ಬಗ್ಗೆ ಮಂಡಳಿಗಿದ್ದ ಅನುಮಾನ ನಿಜವಾಗಲಿಲ್ಲ. ಮೂರು ತಿಂಗಳವರೆಗೆ ದಂಡವಿಲ್ಲದೆ ಖಾತೆ ತಡೆಹಿಡಿಯುವ ಅವಕಾಶ ಕೊಡಬೇಕೆಂದು ಈಗ ಮಂಡಳಿ ಯೋಚಿಸುತ್ತಿದೆ. ಇಷ್ಟಕ್ಕೆ ಒಬ್ಬರ ಹೆಸರೂ ಬೇಕಾಗಲಿಲ್ಲ.

ಇನ್ನು ಮೊದಲು ಬಂದಿದ್ದ 19 ಕಾಲಂಗಳ ಫೈಲ್‌ನ ಗತಿಯೇನು? ಇದು ಹೆಚ್ಚಿನವರು ಮರೆಯುವ ಸಂಗತಿ. ನನ್ನ ಇ-ಮೇಲ್‌ನಲ್ಲಿ ಒಂದು, ಡೌನ್‌ಲೋಡ್ ಫೋಲ್ಡರಿನಲ್ಲಿ ಒಂದು, ಕಾರ್ಯದರ್ಶಿಯವರ ಕಳಿಸಿದ ಪತ್ರಗಳಲ್ಲಿ ಒಂದು, ಅವರು ಜಾಗ್ರತೆಗೆಂದು ಅಧ್ಯಕ್ಷರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಇನ್ನೊಂದು. ಒಂದೊಂದನ್ನೂ ಹುಡುಕಿ ಅಳಿಸಿ, ಕಸದ ಬುಟ್ಟಿಯಿಂದಲೂ ತೆಗೆಯಬೇಕಾಯಿತು. ಇಂಟರ್‌ನೆಟ್‌ನ ಹಂಚಿಕೆ ಹಾಳೆಗೆ ಏರಿಸಿ ಆಮೇಲೆ ಕಾಲಂ ಅಳಿಸಿದರೆ ಸಾಲದು, ಹಿಂದಿನ ಆವೃತ್ತಿಗಳ ಇತಿಹಾಸದಲ್ಲಿ ಅದು ಉಳಿದಿರುತ್ತದೆ. ಅದಕ್ಕೇ ಕಾಲಂ ತೆಗೆಯುವ ಕೆಲಸ ಅಪ್‌ಲೋಡ್ ಆಗುವ ಮೊದಲು, ಮೂಲದಲ್ಲೇ ನಡೆಯಬೇಕು.

ಫಲಿತಾಂಶ ಕಳಿಸುವಾಗಲೂ ಒಂದು ಮೋಸವಿದೆ. ಎಕ್ಸೆಲ್‌ನ ಪಿವಟ್ ಕೋಷ್ಟಕ ಮಾಡಿ, ಮೂಲ ಹಾಳೆ ಅಳಿಸಿ, ಮೊತ್ತಗಳನ್ನಷ್ಟೇ ಕಳಿಸಿದ್ದೇವೆ ಎಂದು ನಾವು ನಂಬುತ್ತೇವೆ. ಆದರೆ ಕೋಷ್ಟಕ ತನ್ನೊಳಗೆ ಮೂಲ ಮಾಹಿತಿಯ ಪ್ರತಿ ಇಟ್ಟುಕೊಂಡಿರುತ್ತದೆ. ಪಡೆದವರು ಒಂದು ಮೊತ್ತದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಅದರ ಹಿಂದಿನ ಸಾಲುಗಳೆಲ್ಲ ಹೊಸ ಹಾಳೆಯಲ್ಲಿ ಬಂದು ನಿಲ್ಲಬಹುದು. ಮೊತ್ತಗಳನ್ನು ಬರಿಯ ಅಂಕಿಗಳಾಗಿ ಹೊಸ ಫೈಲ್‌ಗೆ ಅಂಟಿಸಿ ಕಳಿಸುವುದೇ ಸರಿ.

ಕಾನೂನಿನ ಮಾತೂ ಇದೆ. ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಅವರ ಹೆಸರಿನ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿಯ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಸದಸ್ಯರ ಒಪ್ಪಿಗೆ ಪಡೆದ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಮಾಹಿತಿ ಬಳಸಬೇಕು ಎಂಬುದು ಆ ಕಾಯ್ದೆಯ ತಿರುಳು. ಕೆವೈಸಿಗೆಂದು ಕೊಟ್ಟ ಆಧಾರ್ ಪಿಗ್ಮಿಯ ಲೆಕ್ಕಾಚಾರಕ್ಕಲ್ಲ.

ಆದರೆ ನನಗೆ ಹೆಚ್ಚಾಗಿ ಎದುರಾಗುವ ಆಕ್ಷೇಪ ಕಾನೂನಿನದಲ್ಲ. "ಎಲ್ಲ ನಮ್ಮವರೇ ಅಲ್ಲವೇ ಮಾರಾಯ್ರೆ, ಅಷ್ಟು ಮುಚ್ಚುಮರೆ ಯಾಕೆ?" ಎಂದು ಹಿರಿಯರು ಕೇಳುತ್ತಾರೆ. ಅವರ ಮನಸ್ಸು ಒಳ್ಳೆಯದು. ಆದರೆ ನಾನು ವಿನಮ್ರವಾಗಿ ಹೇಳುವುದು, ನಮ್ಮವರೆಂಬ ಕಾರಣಕ್ಕೇ ಈ ಜಾಗ್ರತೆ ಹೆಚ್ಚು ಬೇಕು. ದೂರದ ಕಳ್ಳನಿಗೆ ಆ ಅಕ್ಕನ ಗಂಡನ ಕಾಯಿಲೆಯಿಂದ ಏನೂ ಆಗಬೇಕಿಲ್ಲ. ಅದು ಅರ್ಥವಾಗುವುದೂ, ಬಾಯಿಂದ ಬಾಯಿಗೆ ಹೋಗುವುದೂ, ಸಂಬಂಧ ತಪ್ಪಿಸುವುದೂ ನಮ್ಮ ನಡುವೆಯೇ.

ಮುಂದಿನ ಬಾರಿ ನಿಮ್ಮ ಸಂಘದ ಫೈಲ್ ಯಾರಿಗಾದರೂ ಕಳಿಸುವ ಮುನ್ನ, ಕಾರ್ಯದರ್ಶಿ ಮತ್ತು ಮ್ಯಾನೇಜರ್ ಇಬ್ಬರೂ ಅರ್ಧ ಗಂಟೆ ಕುಳಿತು ಮೊದಲ ಕಾಲಂನಿಂದ ಕೊನೆಯ ಕಾಲಂವರೆಗೆ ಓದಿ. ಫೈಲ್ ಪಡೆದವರು ನೀವಾಗಿದ್ದರೆ, ಬೇಡದ್ದು ಕಂಡ ಕೂಡಲೇ ಕೆಲಸ ನಿಲ್ಲಿಸಿ, ಕಳಿಸಿದವರಿಗೆ ತಿಳಿಸಿ ಹೊಸ ಫೈಲ್ ಕೇಳಿ. ಅಂದು ಪ್ರೊಜೆಕ್ಟರಿನ ವೈರ್ ಚುಚ್ಚುವ ಮೊದಲು ನಾನು ಆ ಅರ್ಧ ಗಂಟೆ ಕೊಟ್ಟಿದ್ದರೆ, ಆ ಅಕ್ಕನ ಖಾತೆ ಇಂದಿಗೂ ಅಲ್ಲಿ ಇರುತ್ತಿತ್ತು.